ಹೊಸ ಪದವೀಧರರ ರೆಸ್ಯೂಮೆಯ ಬುಲೆಟ್ ಸಾಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಅನುಭವವಿಲ್ಲದ ಪದವೀಧರರ ರೆಸ್ಯೂಮೆಯಲ್ಲಿ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್ ಎಂಬ ಶೀರ್ಷಿಕೆಗಳ ಕೆಳಗೆ ಬರುವ ನಾಲ್ಕಾರು ಸಾಲುಗಳ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ. ಅಂತಹ ಸಾಲುಗಳನ್ನು ತಿದ್ದಿಕೊಡುವಾಗ ನನ್ನೆದುರು ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ರೆಸ್ಯೂಮೆ ಯಾವ ಭಾಷೆಯಲ್ಲಿದ್ದರೂ ಸಾಲಿನೊಳಗೆ ಇರಬೇಕಾದ ವಿಷಯ ಒಂದೇ ಆದ್ದರಿಂದ ಉದಾಹರಣೆಗಳನ್ನು ಕನ್ನಡದಲ್ಲಿಯೇ ಕೊಟ್ಟಿದ್ದೇನೆ.

ಒಂದು ಬುಲೆಟ್ ಸಾಲಿನಲ್ಲಿ ಏನೇನು ಇರಬೇಕು?

ನೀವು ಏನು ಮಾಡಿದಿರಿ, ಅದು ಎಷ್ಟು ದೊಡ್ಡ ಕೆಲಸವಾಗಿತ್ತು, ಅದರಿಂದ ಏನು ಬದಲಾಯಿತು ಎಂಬ ಮೂರು ಸಂಗತಿಗಳು ಇರಬೇಕು. ಮೊದಲನೆಯದನ್ನು ಕ್ರಿಯಾಪದ ಹೇಳುತ್ತದೆ. ಎರಡನೆಯದು ಕೆಲಸದ ವ್ಯಾಪ್ತಿ: ಎಷ್ಟು ಜನರ ತಂಡ, ಎಷ್ಟು ವಾರ, ಎಷ್ಟು ದಾಖಲೆ, ಎಷ್ಟು ಬಳಕೆದಾರರು. ಮೂರನೆಯದು ಅಳೆಯಬಹುದಾದ ಫಲಿತಾಂಶ. ಹೆಚ್ಚಿನ ರೆಸ್ಯೂಮೆಗಳಲ್ಲಿ ಮೊದಲನೆಯದು ಮಸುಕಾಗಿರುತ್ತದೆ, ಉಳಿದ ಎರಡು ಇರುವುದೇ ಇಲ್ಲ. ಆ ಜಾಗದಲ್ಲಿ ಬಳಸಿದ ತಂತ್ರಾಂಶಗಳ ಹೆಸರುಗಳು ತುಂಬಿಕೊಂಡಿರುತ್ತವೆ. ಮೂರೂ ಪ್ರತಿ ಸಾಲಿನಲ್ಲಿಯೂ ಇರಲೇಬೇಕೆಂಬ ಹಟ ಬೇಡ. ಒಂದು ಪ್ರಾಜೆಕ್ಟಿಗೆ ಮೂರು ಸಾಲುಗಳಿದ್ದರೆ ಅವುಗಳಲ್ಲಿ ಒಂದರಲ್ಲಾದರೂ ಫಲಿತಾಂಶ ಸ್ಪಷ್ಟವಾಗಿರಬೇಕು, ಉಳಿದವುಗಳಲ್ಲಿ ಕನಿಷ್ಠ ವ್ಯಾಪ್ತಿಯಾದರೂ ಕಾಣಬೇಕು.

ಕ್ರಿಯಾಪದವನ್ನು ಆರಿಸುವುದು ಹೇಗೆ?

ಕನ್ನಡದಲ್ಲಿ ಯೋಚಿಸುವವರಿಗೆ ಇಲ್ಲೊಂದು ಸಹಜವಾದ ತೊಡಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷ್ ರೆಸ್ಯೂಮೆಯಲ್ಲಿ ಅದು ಸಾಲಿನ ತಲೆಯಲ್ಲಿ ನಿಲ್ಲಬೇಕು. ಕೊನೆಯ ಪದವನ್ನು ಎತ್ತಿ ಮೊದಲಿಗೆ ತರುವಾಗ ಹಲವರು ನಿಜವಾದ ಕ್ರಿಯೆಯನ್ನು ಬಿಟ್ಟು 'ರೆಸ್ಪಾನ್ಸಿಬಲ್ ಫಾರ್', 'ವರ್ಕ್ಡ್ ಆನ್', 'ಇನ್ವಾಲ್ವ್ಡ್ ಇನ್' ಎಂಬ ಪೊಳ್ಳು ಮಾತುಗಳನ್ನು ಇಟ್ಟುಬಿಡುತ್ತಾರೆ. ಜವಾಬ್ದಾರಿ ಇತ್ತು, ಭಾಗವಹಿಸಿದ್ದೆ ಎಂಬುದರಿಂದ ನೀವು ಕುಳಿತು ಏನು ಮಾಡಿದಿರಿ ಎಂಬುದು ತಿಳಿಯುವುದಿಲ್ಲ.

ನಾನು ಅನುಸರಿಸುವ ಪರೀಕ್ಷೆ ಸರಳವಾದದ್ದು. ಆ ಕ್ರಿಯಾಪದವನ್ನು ಓದಿದವರಿಗೆ ನಿಮ್ಮ ಕೈಗಳು ಏನು ಮಾಡುತ್ತಿದ್ದವು ಎಂಬ ಚಿತ್ರ ಕಾಣಬೇಕು. ಬರೆದೆ, ವಿನ್ಯಾಸಗೊಳಿಸಿದೆ, ಪರೀಕ್ಷಿಸಿದೆ, ತಾಳೆ ನೋಡಿದೆ, ಸಂದರ್ಶಿಸಿದೆ, ಲೆಕ್ಕ ಹಾಕಿದೆ, ಸ್ವಯಂಚಾಲಿತಗೊಳಿಸಿದೆ ಎಂಬವುಗಳಲ್ಲಿ ಚಿತ್ರವಿದೆ. 'ನೆರವಾದೆ' ಎಂಬುದರಲ್ಲಿ ಇಲ್ಲ. ನೀವು ನಿಜಕ್ಕೂ ಬೇರೆಯವರಿಗೆ ನೆರವಾಗಿದ್ದರೂ, ಆ ನೆರವು ಯಾವುದೋ ಒಂದು ಕೆಲಸದ ರೂಪದಲ್ಲಿಯೇ ಇದ್ದಿರುತ್ತದೆ. ಆ ಕೆಲಸದ ಹೆಸರನ್ನೇ ಬರೆಯಿರಿ.

ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಸಾಮಾನ್ಯ. ಭಾರವಾದ ಕ್ರಿಯಾಪದಗಳ ಪಟ್ಟಿಯನ್ನು ಎಲ್ಲಿಂದಲೋ ತೆಗೆದುಕೊಂಡು 'ಮುನ್ನಡೆಸಿದೆ', 'ಕ್ರಾಂತಿಕಾರಿ ಬದಲಾವಣೆ ತಂದೆ' ಎಂದು ಬರೆಯುವವರಿದ್ದಾರೆ. ನಾಲ್ಕು ಜನರ ತಂಡದ ನಾಲ್ವರೂ ತಮ್ಮ ತಮ್ಮ ರೆಸ್ಯೂಮೆಯಲ್ಲಿ 'ಮುನ್ನಡೆಸಿದೆ' ಎಂದು ಬರೆದು ಒಂದೇ ಕಂಪನಿಗೆ ಅರ್ಜಿ ಹಾಕಿದರೆ ಏನಾಗುತ್ತದೆ ಎಂಬುದನ್ನು ಊಹಿಸಿಕೊಳ್ಳಿ. ಕೆಲಸ ಹಂಚಿದ್ದು, ಗಡುವು ನಿಗದಿಪಡಿಸಿದ್ದು, ಮಾರ್ಗದರ್ಶಕರಿಗೆ ವರದಿ ಒಪ್ಪಿಸಿದ್ದು ನೀವೇ ಆಗಿದ್ದರೆ ಮಾತ್ರ ಆ ಪದ ನಿಮ್ಮದು.

ನನ್ನ ಬಳಿ ಸಂಖ್ಯೆಗಳೇ ಇಲ್ಲ. ಎಲ್ಲಿಂದ ತರಲಿ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸಂಖ್ಯೆಗಳು ಇರುವುದಿಲ್ಲ ಎಂಬುದಕ್ಕಿಂತ ಅವುಗಳನ್ನು ಆಗ ಸಂಖ್ಯೆಗಳೆಂದು ಗುರುತಿಸಿರಲಿಲ್ಲ ಎಂಬುದೇ ಹೆಚ್ಚು ಸಲ ನಿಜವಾಗಿರುತ್ತದೆ. ಒಬ್ಬ ವಿದ್ಯಾರ್ಥಿನಿಯ ಸಾಲನ್ನು ತಿದ್ದಿದ ಬಗೆಯನ್ನು ಪೂರ್ತಿಯಾಗಿ ಹೇಳುತ್ತೇನೆ.

ಆಕೆ ಎಂಟು ವಾರ ಒಂದು ಸರಕು ವಿತರಣಾ ಕಂಪನಿಯಲ್ಲಿ ಇಂಟರ್ನ್ ಆಗಿದ್ದರು. ರೆಸ್ಯೂಮೆಯಲ್ಲಿ ಬರೆದಿದ್ದ ಸಾಲು ಇಷ್ಟೇ: 'ದಾಸ್ತಾನು ವರದಿಗಳ ತಯಾರಿಕೆಯಲ್ಲಿ ಭಾಗವಹಿಸಿದ್ದೆ, ಎಕ್ಸೆಲ್ ಮತ್ತು ಪೈಥಾನ್ ಬಳಸಿದ್ದೆ.' ಅಳೆದದ್ದು ಏನೂ ಇಲ್ಲ ಎಂದು ಆಕೆ ಖಚಿತವಾಗಿ ಹೇಳಿದರು. ನಾನು ಫಲಿತಾಂಶ ಏನೆಂದು ಕೇಳಲಿಲ್ಲ. ಬೆಳಿಗ್ಗೆ ಕಚೇರಿಗೆ ಹೋದ ಮೇಲೆ ಮೊದಲು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

ಬಿಲ್ಲಿಂಗ್ ವಿಭಾಗ, ಸರಕು ಸ್ವೀಕರಿಸುವ ವಿಭಾಗ ಮತ್ತು ಗೋದಾಮು, ಈ ಮೂರು ಕಡೆಗಳಿಂದ ಒಂಬತ್ತು ಗಂಟೆಗೆ ಮೂರು ಎಕ್ಸೆಲ್ ಹಾಳೆಗಳು ಬರುತ್ತಿದ್ದವು. ಮೂರನ್ನೂ ಐಟಂ ಕೋಡ್ ಪ್ರಕಾರ ತಾಳೆ ನೋಡಿ, ಲೆಕ್ಕ ಹೊಂದದ ವಸ್ತುಗಳ ಪಟ್ಟಿಯನ್ನು ವ್ಯವಸ್ಥಾಪಕರಿಗೆ ಮೇಲ್ ಮಾಡಬೇಕಾಗಿತ್ತು. ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದರೆ, 'ಮೊದಮೊದಲು ಮೇಲ್ ಹೋಗುವಾಗ ಹತ್ತಕ್ಕೆ ಹತ್ತು ನಿಮಿಷ ಇರುತ್ತಿತ್ತು. ಸ್ಕ್ರಿಪ್ಟ್ ಬರೆದ ಮೇಲೆ ಒಂಬತ್ತು ದಾಟಿ ಐದಾರು ನಿಮಿಷಕ್ಕೆ ಮುಗಿಯುತ್ತಿತ್ತು' ಎಂದರು. ಅಲ್ಲಿಗೆ 50 ನಿಮಿಷ ಮತ್ತು 6 ನಿಮಿಷ ಎಂಬ ಎರಡು ಸಂಖ್ಯೆಗಳು ಸಿಕ್ಕವು. ನೆನಪಿನ ಮೇಲೆ ಮಾತ್ರ ನಂಬಿಕೆ ಇಡಬಾರದೆಂದು ಆಕೆ ಕಾಲೇಜಿಗೆ ಸಲ್ಲಿಸಿದ್ದ ವಾರದ ವರದಿಗಳನ್ನು ತೆರೆದು ನೋಡಿದೆವು. ಅವುಗಳಲ್ಲಿ ಮೇಲ್ ಕಳುಹಿಸಿದ ಸಮಯ ದಾಖಲಾಗಿತ್ತು, ಹಾಳೆಗಳಲ್ಲಿ ಒಟ್ಟು ಸುಮಾರು 1,200 ಸಾಲುಗಳು ಇರುತ್ತಿದ್ದವು ಎಂಬ ಉಲ್ಲೇಖವೂ ಇತ್ತು. ಮೊದಲ ಎರಡು ವಾರ ಕೈಯಿಂದಲೇ ಕೆಲಸ, ಮೂರನೆಯ ವಾರ ಸ್ಕ್ರಿಪ್ಟ್ ಬರೆದದ್ದು, ಉಳಿದ ಐದು ವಾರ ಅದರ ಬಳಕೆ; ವಾರಕ್ಕೆ ಐದು ದಿನದಂತೆ 25 ಕೆಲಸದ ದಿನಗಳು.

ಹೀಗೆ ಮೊದಲ ಸಾಲು ಸಿದ್ಧವಾಯಿತು:

'ಮೂರು ವಿಭಾಗಗಳಿಂದ ದಿನವೂ ಬರುವ ಸುಮಾರು 1,200 ಸಾಲುಗಳ ದಾಸ್ತಾನು ಪಟ್ಟಿಗಳನ್ನು ತಾಳೆ ನೋಡುವ ಪೈಥಾನ್ ಸ್ಕ್ರಿಪ್ಟ್ ಬರೆದು, ವರದಿ ಸಿದ್ಧಪಡಿಸುವ ಸಮಯವನ್ನು 50 ನಿಮಿಷದಿಂದ 6 ನಿಮಿಷಕ್ಕೆ ಇಳಿಸಿದೆ. ಕೊನೆಯ 25 ಕೆಲಸದ ದಿನಗಳ ವರದಿಗಳು ಇದರಿಂದಲೇ ಹೋದವು.'

ಸ್ಕ್ರಿಪ್ಟ್ ಬರೆಯುವಾಗ ಕಷ್ಟವೆನಿಸಿದ್ದು ಯಾವುದು ಎಂದು ಕೇಳಿದಾಗ ಎರಡನೆಯ ಸಾಲು ಹೊರಬಂತು. ಗೋದಾಮಿನ ಹಾಳೆಯಲ್ಲಿ ಕೋಡ್‌ಗಳ ಕೊನೆಗೆ ಕಣ್ಣಿಗೆ ಕಾಣದ ಖಾಲಿ ಜಾಗ ಉಳಿದಿರುತ್ತಿತ್ತು, ಬಿಲ್ಲಿಂಗ್ ಹಾಳೆಯಲ್ಲಿ ಅದೇ ಕೋಡ್ ಸಣ್ಣ ಅಕ್ಷರಗಳಲ್ಲಿ ಇರುತ್ತಿತ್ತು. ಸರಕು ಸರಿಯಾಗಿಯೇ ಇದ್ದರೂ ಪಟ್ಟಿಯಲ್ಲಿ ದಿನಕ್ಕೆ ಸುಮಾರು 70 ಸುಳ್ಳು ವ್ಯತ್ಯಾಸಗಳು ಕಾಣಿಸುತ್ತಿದ್ದವು. ಕೋಡ್‌ಗಳನ್ನು ಒಂದೇ ರೂಪಕ್ಕೆ ತಂದ ಮೇಲೆ ಅವು ಹತ್ತರೊಳಗೆ ಬಂದವು. ನನ್ನ ದೃಷ್ಟಿಯಲ್ಲಿ ಸಮಯ ಉಳಿಸಿದ ಸಾಲಿಗಿಂತ ಇದು ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಆಕೆ ಸಮಸ್ಯೆಯ ಕಾರಣವನ್ನು ಹುಡುಕಿದರು ಎಂಬುದು ಇದರಲ್ಲಿ ಕಾಣುತ್ತದೆ.

ನಿಮ್ಮ ಸಂಖ್ಯೆಗಳು ಸಹ ಇಂತಹ ಕಡೆಗಳಲ್ಲಿಯೇ ಇರುತ್ತವೆ: ವಾರದ ವರದಿಗಳು, ಮೇಲ್‌ಗಳು, ಪ್ರಾಜೆಕ್ಟ್ ವರದಿಯ ಕೋಷ್ಟಕಗಳು, ಪರೀಕ್ಷೆಯ ಫಲಿತಾಂಶದ ಕಡತಗಳು. ಪ್ರಾಜೆಕ್ಟಿನ ಕೋಡ್ ಈಗಲೂ ನಡೆಯುತ್ತಿದ್ದರೆ ಇವತ್ತೇ ಅಳೆಯಬಹುದು. ಹಳೆಯ ರೂಪವನ್ನೂ ಹೊಸ ರೂಪವನ್ನೂ ಒಂದೇ ಕಂಪ್ಯೂಟರ್‌ನಲ್ಲಿ, ಒಂದೇ ದತ್ತಾಂಶದ ಮೇಲೆ ಹತ್ತು ಹತ್ತು ಸಲ ಓಡಿಸಿ, ನಡುವಿನ ಬೆಲೆಯನ್ನು ತೆಗೆದುಕೊಳ್ಳಿ. ಒಂದೇ ಸಲದ ಅಳತೆಯಲ್ಲಿ, ಅದರಲ್ಲೂ ಮೊದಲ ಸಲದ್ದರಲ್ಲಿ, ಕಂಪ್ಯೂಟರ್ ಬೇರೇನೋ ಮಾಡುತ್ತಿದ್ದ ಸಮಯವೂ ಸೇರಿರಬಹುದು.

50ರಿಂದ 6 ನಿಮಿಷ ಎನ್ನುವುದೋ, ಶೇಕಡ 88 ಕಡಿತ ಎನ್ನುವುದೋ?

ಎರಡೂ ಒಂದೇ ಲೆಕ್ಕ, ಆದರೆ ನಾನು ಮೊದಲನೆಯದನ್ನೇ ಬರೆಸುತ್ತೇನೆ. ಶೇಕಡಾವಾರಿನಲ್ಲಿ ಆರಂಭದ ಸ್ಥಿತಿ ಮರೆಯಾಗುತ್ತದೆ. 50 ನಿಮಿಷ 6ಕ್ಕೆ ಇಳಿದರೂ 50 ಸೆಕೆಂಡ್ 6ಕ್ಕೆ ಇಳಿದರೂ ಶೇಕಡ 88 ಎಂದೇ ಬರುತ್ತದೆ. ಮೂಲ ಸಂಖ್ಯೆಗಳನ್ನು ಹೊರಗೆ ಹೇಳುವಂತಿಲ್ಲದಾಗ ಶೇಕಡಾವಾರು ಉಪಯೋಗಕ್ಕೆ ಬರುತ್ತದೆ. ಎಣಿಕೆ ತೀರಾ ಚಿಕ್ಕದಾಗಿದ್ದರೆ ಅದು ಬೇಡವೇ ಬೇಡ. ಇಬ್ಬರು ಬಳಕೆದಾರರು ಮೂವರಾದದ್ದನ್ನು ಶೇಕಡ 50 ಹೆಚ್ಚಳ ಎಂದು ಬರೆದವರು ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಉಳಿದ ಸಮಯವನ್ನು ವರ್ಷಕ್ಕೆ ಗುಣಿಸಿ 'ವಾರ್ಷಿಕ 180 ಗಂಟೆಗಳ ಉಳಿತಾಯ' ಎಂದು ಬರೆಯುವ ಆಸೆಯೂ ಬೇಡ. ಆ ವಿದ್ಯಾರ್ಥಿನಿ ನೋಡಿದ್ದು 25 ದಿನಗಳನ್ನು ಮಾತ್ರ. ದಿನಕ್ಕೆ 44 ನಿಮಿಷದಂತೆ 18 ಗಂಟೆಗಳಿಗಿಂತ ತುಸು ಹೆಚ್ಚು ಉಳಿಯಿತು ಎಂಬವರೆಗೆ ಹೇಳುವುದು ಸತ್ಯ, ಅದರಾಚೆಗಿನದು ಊಹೆ.

ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡಿದ್ದೇನೆ. ಶೇಕಡ 94 ನಿಖರತೆ ಎಂದು ಬರೆದರೆ ಸಾಲದೇ?

ಸಾಲದು. ಈ ಸಂಖ್ಯೆ ಎಷ್ಟು ರೆಸ್ಯೂಮೆಗಳಲ್ಲಿ ಬರುತ್ತದೆಯೋ ಅಷ್ಟೇ ಸಲ ಅದರ ಅರ್ಥ ಮರೆಯಾಗಿಯೇ ಉಳಿಯುತ್ತದೆ.

ಗಿಡದ ಎಲೆಯ ಚಿತ್ರ ನೋಡಿ ರೋಗ ಗುರುತಿಸುವ ಪ್ರಾಜೆಕ್ಟ್ ಎಂದುಕೊಳ್ಳೋಣ. ಪರೀಕ್ಷೆಗೆಂದು ಪ್ರತ್ಯೇಕವಾಗಿಟ್ಟ 1,000 ಚಿತ್ರಗಳಲ್ಲಿ 900 ಆರೋಗ್ಯವಂತ ಎಲೆಗಳು, 100 ರೋಗ ತಗುಲಿದವು. ಏನನ್ನೂ ಕಲಿಯದೆ ಎಲ್ಲ ಎಲೆಗಳನ್ನೂ ಆರೋಗ್ಯವಂತ ಎನ್ನುವ ಮಾದರಿಗೂ ಇಲ್ಲಿ ಶೇಕಡ 90 ನಿಖರತೆ ಸಿಗುತ್ತದೆ. ನಿಮ್ಮ ಮಾದರಿ ರೋಗದ 100 ಎಲೆಗಳಲ್ಲಿ 55ನ್ನು ಹಿಡಿದು, ಆರೋಗ್ಯವಂತ ಎಲೆಗಳಲ್ಲಿ 15ನ್ನು ತಪ್ಪಾಗಿ ರೋಗ ಎಂದಿದ್ದರೆ ಒಟ್ಟು ಸರಿಯುತ್ತರಗಳು 940. ಶೇಕಡ 94 ಎಂಬುದು ಬಂದದ್ದು ಹೀಗೆ. ರೋಗದ ಎಲೆಗಳಲ್ಲಿ ಸುಮಾರು ಅರ್ಧದಷ್ಟು ಕೈತಪ್ಪಿವೆ ಎಂಬುದು ಅದರಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಆಮೇಲೆ ನೀವು ತರಬೇತಿಯಲ್ಲಿ ರೋಗದ ಚಿತ್ರಗಳಿಗೆ ಹೆಚ್ಚು ತೂಕ ಕೊಟ್ಟಿರಿ ಎನ್ನಿ. ಈಗ 82 ರೋಗದ ಎಲೆಗಳು ಸಿಕ್ಕವು, ಸುಳ್ಳು ಎಚ್ಚರಿಕೆಗಳು 15ರಿಂದ 40ಕ್ಕೆ ಏರಿದವು. ಸರಿಯುತ್ತರಗಳು 942, ಅಂದರೆ ನಿಖರತೆ ಶೇಕಡ 94.2. ನಿಖರತೆಯನ್ನೇ ಬರೆದರೆ ನೀವು ಮಾಡಿದ ಕೆಲಸಕ್ಕೆ ಸಿಕ್ಕ ಫಲ ಶೇಕಡ 0.2 ಅಂಶ ಮಾತ್ರ ಎಂದು ತೋರುತ್ತದೆ! ಬರೆಯಬೇಕಾದ ಸಾಲು ಇದು:

'ವರ್ಗಗಳ ತೂಕವನ್ನು ಬದಲಿಸಿ ಮಾದರಿಗೆ ಮರುತರಬೇತಿ ಕೊಟ್ಟೆ. 1,000 ಚಿತ್ರಗಳ ಪರೀಕ್ಷೆಯಲ್ಲಿ ಗುರುತಿಸಿದ ರೋಗದ ಎಲೆಗಳು 100ರಲ್ಲಿ 55ರಿಂದ 82ಕ್ಕೆ ಏರಿದವು, ಸುಳ್ಳು ಎಚ್ಚರಿಕೆಗಳು 900ರಲ್ಲಿ 15ರಿಂದ 40ಕ್ಕೆ ಹೆಚ್ಚಿದವು.'

ಹೆಚ್ಚಿದ ಸುಳ್ಳು ಎಚ್ಚರಿಕೆಗಳನ್ನೂ ಹೇಳಬೇಕೆ ಎಂದು ಕೇಳುವವರಿದ್ದಾರೆ. ಜಾಗವಿದ್ದರೆ ಹೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಕೊಟ್ಟದ್ದೇನು, ಪಡೆದದ್ದೇನು ಎಂಬುದನ್ನು ಅರಿತವರು ಮಾತ್ರ ಹೀಗೆ ಬರೆಯಬಲ್ಲರು, ಮತ್ತು ಆ ಕ್ಷೇತ್ರವನ್ನು ಬಲ್ಲ ಸಂದರ್ಶಕರು ಅದನ್ನು ಒಡನೆಯೇ ಗುರುತಿಸುತ್ತಾರೆ. ಒಂದು ಎಚ್ಚರಿಕೆ: ತರಬೇತಿಗೆ ಬಳಸಿದ ಚಿತ್ರಗಳ ಮೇಲೆಯೇ ಅಳೆದ ಸಂಖ್ಯೆಯನ್ನು ಎಂದಿಗೂ ಫಲಿತಾಂಶವೆಂದು ಬರೆಯಬೇಡಿ.

ಪ್ರಾಜೆಕ್ಟ್ ನಾಲ್ವರದು. ನನ್ನ ಪಾಲನ್ನು ಹೇಗೆ ಬೇರ್ಪಡಿಸಲಿ?

ಶೀರ್ಷಿಕೆಯ ಸಾಲಿನಲ್ಲಿ ತಂಡದ ಗಾತ್ರ ಮತ್ತು ಅವಧಿಯನ್ನು ಹೇಳಿಬಿಡಿ: 'ನಾಲ್ವರ ತಂಡ, 14 ವಾರ.' ಅದರ ಕೆಳಗಿನ ಸಾಲುಗಳಲ್ಲಿ ನಿಮ್ಮ ಕೆಲಸ ಮಾತ್ರ ಇರಲಿ. ತಂಡದ ಒಟ್ಟು ಫಲಿತಾಂಶವನ್ನು ಹೇಳಲೇಬೇಕಾದರೆ, 'ತಂಡದ ಆ್ಯಪ್‌ನಲ್ಲಿ ಲಾಗಿನ್ ಮತ್ತು ಬುಕಿಂಗ್ ಭಾಗಗಳನ್ನು ಬರೆದೆ' ಎಂಬಂತೆ ನಿಮ್ಮ ಭಾಗವನ್ನು ಮೊದಲು ಗುರುತಿಸಿ, ಆಮೇಲೆ ಒಟ್ಟು ಫಲಿತಾಂಶವನ್ನು ಅದಕ್ಕೆ ಜೋಡಿಸಿ.

ಯಾರು ಯಾವುದನ್ನು ಬರೆದರು ಎಂಬುದೇ ಮರೆತುಹೋಗಿದ್ದರೆ, ಮತ್ತು ಕೋಡನ್ನು ಗಿಟ್‌ನಲ್ಲಿ ಇಟ್ಟಿದ್ದರೆ, ಈ ಎರಡು ಆದೇಶಗಳು ನೆನಪಿಸುತ್ತವೆ:

```
git shortlog -sn
git log --author="name" --oneline
```

ಮೊದಲನೆಯದು ಯಾರ ಹೆಸರಿನಲ್ಲಿ ಎಷ್ಟು ಕಮಿಟ್‌ಗಳಿವೆ ಎಂಬುದನ್ನು ತೋರಿಸುತ್ತದೆ. ಎರಡನೆಯದರಲ್ಲಿ `name` ಇರುವಲ್ಲಿ ನಿಮ್ಮ ಹೆಸರು ಕೊಟ್ಟರೆ ನಿಮ್ಮ ಕಮಿಟ್‌ಗಳ ಸಂದೇಶಗಳು ಒಂದೊಂದು ಸಾಲಿನಲ್ಲಿ ಬರುತ್ತವೆ. ಇದು ನೆನಪಿಗಾಗಿ ಮಾತ್ರ. ಕಮಿಟ್‌ಗಳ ಎಣಿಕೆಯನ್ನಾಗಲಿ ಕೋಡಿನ ಸಾಲುಗಳ ಎಣಿಕೆಯನ್ನಾಗಲಿ ರೆಸ್ಯೂಮೆಗೆ ಹಾಕಬೇಡಿ. ಅವು ಶ್ರಮದ ಪ್ರಮಾಣವನ್ನು ಹೇಳಬಹುದು, ಫಲಿತಾಂಶವನ್ನು ಹೇಳುವುದಿಲ್ಲ.

ನಾನು ತಾಂತ್ರಿಕ ವಿಷಯ ಓದಿದವನಲ್ಲ. ನನ್ನ ಪ್ರಾಜೆಕ್ಟ್ ಒಂದು ಸಮೀಕ್ಷೆ ಮಾತ್ರ.

ಸಮೀಕ್ಷೆಯಲ್ಲಿ ವ್ಯಾಪ್ತಿ ತಾನಾಗಿಯೇ ಇರುತ್ತದೆ. 120 ಪ್ರಶ್ನಾವಳಿಗಳನ್ನು ಹಂಚಿ 96 ಮರಳಿ ಬಂದಿದ್ದರೆ ಪ್ರತಿಕ್ರಿಯೆ ಶೇಕಡ 80. ಮೊದಲ ಸುತ್ತಿನಲ್ಲಿ 60 ಮಾತ್ರ ಬಂದು, ನೀವು ಎರಡನೆಯ ಸಲ ಭೇಟಿಯಾಗಿ ಉಳಿದ 36ನ್ನು ಪಡೆದಿದ್ದರೆ ಅದು ನಿಮ್ಮ ಕೆಲಸದಿಂದಲೇ ಬಂದ ಫಲಿತಾಂಶ. ಹತ್ತು ಜನರ ಮೇಲೆ ಪ್ರಶ್ನಾವಳಿಯನ್ನು ಮೊದಲೇ ಪ್ರಯೋಗಿಸಿ, ಗೊಂದಲ ಹುಟ್ಟಿಸಿದ ನಾಲ್ಕು ಪ್ರಶ್ನೆಗಳನ್ನು ತಿದ್ದಿದ್ದರೆ ಅದನ್ನೂ ಬರೆಯಿರಿ. 'ಗ್ರಾಹಕರ ತೃಪ್ತಿಯ ಬಗ್ಗೆ ಅಧ್ಯಯನ ನಡೆಸಿದೆ' ಎಂಬ ಸಾಲಿಗೂ ಇದಕ್ಕೂ ಇರುವ ಅಂತರ ಕಣ್ಣಿಗೆ ಕಾಣುವಂಥದು.

ಪ್ರಾಜೆಕ್ಟ್ ಪೂರ್ತಿಯಾಗಲಿಲ್ಲ, ಅಥವಾ ಅಂದುಕೊಂಡ ಫಲಿತಾಂಶ ಬರಲಿಲ್ಲ. ಅದನ್ನು ಬಿಟ್ಟುಬಿಡಲೇ?

ಬಿಡಬೇಕಾಗಿಲ್ಲ. ಮುಗಿದ ಭಾಗ ಯಾವುದು ಎಂಬುದನ್ನು ಖಚಿತವಾಗಿ ಹೇಳಿ: 'ಐದು ಭಾಗಗಳಲ್ಲಿ ಮೂರನ್ನು ಮುಗಿಸಿ, 40 ಪರೀಕ್ಷಾ ಸಂದರ್ಭಗಳಲ್ಲಿ ಪರೀಕ್ಷಿಸಿದೆ.' ಮೂರು ವಿಧಾನಗಳನ್ನು ಹೋಲಿಸಿ ಯಾವುದೂ ಹಳೆಯದಕ್ಕಿಂತ ಉತ್ತಮವಲ್ಲ ಎಂದು ಕಂಡುಕೊಂಡಿದ್ದರೆ ಆ ಹೋಲಿಕೆಯೇ ಫಲಿತಾಂಶ. ಆದರೆ ಮುಗಿಯದ ಆ್ಯಪನ್ನು ಬಳಕೆಯಲ್ಲಿದೆ ಎಂಬಂತೆ ಬರೆಯಬಾರದು.

ಅಂದಾಜಿನ ಸಂಖ್ಯೆ ಬರೆಯಬಹುದೇ? ಕಂಪನಿಯ ಒಳಗಿನ ಮಾಹಿತಿಯನ್ನು?

ಅಂದಾಜು ಬರೆಯಬಹುದು, 'ಸುಮಾರು' ಎಂಬ ಪದದೊಂದಿಗೆ, ದುಂಡಾದ ಸಂಖ್ಯೆಯಲ್ಲಿ. ಅಂದಾಜು ಮಾಡಿದ್ದನ್ನು 47.3 ಎಂದು ಬರೆದರೆ ಅಳೆದಿದ್ದೀರಿ ಎಂದು ಹೇಳಿದಂತಾಗುತ್ತದೆ. ಅಂದಾಜಿಗೆ ಬಂದ ದಾರಿಯನ್ನು ಎರಡು ವಾಕ್ಯಗಳಲ್ಲಿ ವಿವರಿಸಲಾಗದಿದ್ದರೆ ಆ ಸಂಖ್ಯೆಯನ್ನು ತೆಗೆದುಹಾಕಿ.

ಕಂಪನಿಯ ಮಾರಾಟದ ಮೊತ್ತ, ಗ್ರಾಹಕರ ಹೆಸರು, ಇನ್ನೂ ಬಿಡುಗಡೆಯಾಗದ ಉತ್ಪನ್ನದ ವಿವರ ಇವು ರೆಸ್ಯೂಮೆಗೆ ಬರಬಾರದು. ಇಂಟರ್ನ್‌ಶಿಪ್ ಆರಂಭದಲ್ಲಿ ನೀವು ಸಹಿ ಮಾಡಿದ ಗೋಪ್ಯತಾ ಒಪ್ಪಂದವನ್ನು ಒಮ್ಮೆ ತೆರೆದು ಓದಿ, ಅನುಮಾನವಿದ್ದರೆ ಮಾರ್ಗದರ್ಶಕರನ್ನು ಕೇಳಿ. ಹೆಚ್ಚಿನ ಸಂದರ್ಭಗಳಲ್ಲಿ 'ದೊಡ್ಡ ಚಿಲ್ಲರೆ ಮಾರಾಟ ಗ್ರಾಹಕರೊಬ್ಬರಿಗಾಗಿ' ಎಂಬಷ್ಟು ಹೇಳಿ, ಸಮಯ ಅಥವಾ ತಪ್ಪುಗಳ ಅಳತೆಯನ್ನು ಮಾತ್ರ ಕೊಟ್ಟರೆ ಸಾಲಿನ ತೂಕವೇನೂ ಕುಗ್ಗುವುದಿಲ್ಲ.

ಎಷ್ಟು ಸಾಲುಗಳು? ಎಷ್ಟು ಉದ್ದ?

ಇಂಟರ್ನ್‌ಶಿಪ್‌ಗೆ ಮೂರು ಅಥವಾ ನಾಲ್ಕು, ಪ್ರಾಜೆಕ್ಟಿಗೆ ಎರಡು ಅಥವಾ ಮೂರು. ಒಂದು ಬುಲೆಟ್ ಪುಟದಲ್ಲಿ ಎರಡು ಸಾಲು ಮೀರಬಾರದು. ಮುಗಿದ ಕೆಲಸಕ್ಕೆ ಭೂತಕಾಲವನ್ನೇ ಬಳಸಿ. ಗಟ್ಟಿಯಾದ ಸಾಲು ಮೊದಲು ಬರಲಿ, ಏಕೆಂದರೆ ಅವಸರದಲ್ಲಿ ಓದುವವರು ಪ್ರತಿ ಶೀರ್ಷಿಕೆಯ ಕೆಳಗಿನ ಮೊದಲ ಸಾಲಿಗೇ ನಿಂತುಬಿಡುವ ಸಾಧ್ಯತೆ ಹೆಚ್ಚು.

ಅರ್ಜಿಗಳನ್ನು ಸೋಸುವ ತಂತ್ರಾಂಶಕ್ಕಾಗಿ ಬೇರೆ ರೀತಿ ಬರೆಯಬೇಕೇ?

ಬೇರೆ ರೀತಿ ಬೇಡ. ಉದ್ಯೋಗ ಪ್ರಕಟಣೆಯಲ್ಲಿರುವ ಪದಗಳಲ್ಲಿ ನೀವು ನಿಜವಾಗಿ ಮಾಡಿದ ಕೆಲಸಕ್ಕೆ ಸೇರಿದವುಗಳನ್ನು, ಅಲ್ಲಿರುವ ರೂಪದಲ್ಲಿಯೇ, ಸಾಲಿನೊಳಗೆ ತನ್ನಿ. ಪ್ರಕಟಣೆಯಲ್ಲಿ 'ಡೇಟಾ ಕ್ಲೀನಿಂಗ್' ಎಂದಿದ್ದು ನೀವು ಐಟಂ ಕೋಡ್‌ಗಳನ್ನು ಒಂದೇ ರೂಪಕ್ಕೆ ತಂದಿದ್ದರೆ ಆ ಪದವನ್ನು ಅಲ್ಲಿ ಧೈರ್ಯವಾಗಿ ಬಳಸಬಹುದು. ಸಾಲುಗಳನ್ನು ಚಿತ್ರದ ರೂಪದಲ್ಲಿ ಇಡಬೇಡಿ. ಕಡತದಿಂದ ಪಠ್ಯವನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಅಕ್ಷರಗಳು ಕ್ರಮವಾಗಿ ಬರುತ್ತವೆಯೇ ಎಂದು ನೋಡಿಕೊಳ್ಳಿ.

ಕಳುಹಿಸುವ ಮೊದಲು ಸಾಲನ್ನು ಹೇಗೆ ಪರೀಕ್ಷಿಸಲಿ?

ಗೆಳೆಯರೊಬ್ಬರನ್ನು ಎದುರು ಕೂರಿಸಿಕೊಂಡು ಪ್ರತಿ ಸಾಲಿಗೂ ಮೂರು ಪ್ರಶ್ನೆ ಕೇಳಿಸಿ: ಇದನ್ನು ಹೇಗೆ ಅಳೆದಿರಿ? ಮೊದಲು ಎಷ್ಟಿತ್ತು? ಇದರಲ್ಲಿ ನಿಮ್ಮ ಪಾಲು ಯಾವುದು? ಉತ್ತರ ಕೊಡುವಾಗ ನೀವು ಸಾಲಿನಲ್ಲಿ ಇಲ್ಲದ ಸ್ಪಷ್ಟ ಸಂಗತಿಯೊಂದನ್ನು ಹೇಳಿದರೆ ಅದು ಸಾಲಿನೊಳಗೆ ಬರಬೇಕಾದದ್ದು. ಸಾಲಿನಲ್ಲಿರುವುದನ್ನು ಸಮರ್ಥಿಸಲು ತಡವರಿಸಿದರೆ ಅದನ್ನು ಹೊರಗೆ ತೆಗೆಯಿರಿ. ದಾಸ್ತಾನಿನ ಸಾಲು ಬರೆದ ವಿದ್ಯಾರ್ಥಿನಿಯನ್ನು ಹೀಗೆ ಕೇಳಿದಾಗ, 6 ನಿಮಿಷಗಳಲ್ಲಿ ಸ್ಕ್ರಿಪ್ಟ್ ಓಡುವುದಕ್ಕೆ ಒಂದೇ ನಿಮಿಷ ಸಾಕಾಗುತ್ತಿತ್ತು, ಉಳಿದ ಐದು ನಿಮಿಷ ತಾನು ಪಟ್ಟಿಯನ್ನು ಕಣ್ಣಾರೆ ಪರಿಶೀಲಿಸುತ್ತಿದ್ದೆ ಎಂದರು. 'ಪರಿಶೀಲನೆಯೂ ಸೇರಿ 6 ನಿಮಿಷ' ಎಂದು ಆ ಸಾಲನ್ನು ಅಲ್ಲಿಯೇ ತಿದ್ದಿದೆವು.